ಅಮ್ಮನ ಮೆಂತ್ಯದ ಸೊಪ್ಪು ಮತ್ತು ಒಬ್ಬ ಫ್ರೆಂಚ್ ಇಂಜಿನಿಯರ್

ಕಳೆದ ಸಲ ಊರಿಗೆ ಹೋದಾಗ ಅಮ್ಮ ಸಂತೆಯಿಂದ ಬಂದವಳೇ "ಮೆಂತ್ಯದ ಸೊಪ್ಪು ಲಾಭಕ್ಕೆ ಸಿಕ್ತು ಕಣೋ" ಅಂದಳು. ಕಟ್ಟಿಗೆ ಹತ್ತು ರೂಪಾಯಿ. ಚೌಕಾಶಿ ಮಾಡಿರಲಿಲ್ಲ, ಅವತ್ತು ಸಂತೆಯಲ್ಲೆಲ್ಲ ಅದೇ ರೇಟು. "ಎಲ್ಲರೂ ಕೊಟ್ಟಷ್ಟೇ ನೀನೂ ಕೊಟ್ಟಿದ್ದೀಯ, ಲಾಭ ಎಲ್ಲಿಂದ ಬಂತಮ್ಮ?" ಅಂತ ನಾನು ಕಿಚಾಯಿಸಿದೆ. "ಇಪ್ಪತ್ತು ಹೇಳಿದ್ರೂ ತರ್ತಿದ್ದೆ, ನಾಳೆ ಮೆಂತ್ಯ ಬಾತ್ ಮಾಡ್ಬೇಕಲ್ಲ" ಅಂದು ಒಳಗೆ ಹೋದಳು. ನಾನು ನಕ್ಕೆ. ನಗಬಾರದಿತ್ತು ಅಂತ ಗೊತ್ತಾಗಿದ್ದು ಆಮೇಲೆ, ಜೂಲ್ಸ್ ಡ್ಯುಪ್ವಿ ಎಂಬಾತನ ಬಗ್ಗೆ ಓದಿದಾಗ.

ಡ್ಯುಪ್ವಿ ಅರ್ಥಶಾಸ್ತ್ರದ ಮೇಷ್ಟ್ರಲ್ಲ, ನಮ್ಮ ಹಾಗೆ ಇಂಜಿನಿಯರ್. ಫ್ರಾನ್ಸ್ ಸರ್ಕಾರದ ರಸ್ತೆ, ಸೇತುವೆ ಇಲಾಖೆಯವನು. ಸೇತುವೆ ಕಟ್ಟುವ ಮೊದಲು ಅದರಿಂದ ಜನಕ್ಕೆ ಎಷ್ಟು ಉಪಯೋಗ ಅಂತ ಲೆಕ್ಕ ಕೊಡಬೇಕಲ್ಲ, ಅಲ್ಲಿಂದ ಅವನ ತಲೆನೋವು ಶುರು. ಆಗಿನ ದೊಡ್ಡ ಅರ್ಥಶಾಸ್ತ್ರಜ್ಞ ಜೆ.ಬಿ. ಸೇ ಪ್ರಕಾರ ಒಂದು ವಸ್ತುವಿನ ಉಪಯೋಗಕ್ಕೆ ಅದರ ಬೆಲೆಯೇ ಅಳತೆ. 1844ರಲ್ಲಿ ಇಂಜಿನಿಯರುಗಳ ಪತ್ರಿಕೆಯೊಂದರಲ್ಲಿ ಬರೆದ ಲೇಖನದಲ್ಲಿ ಡ್ಯುಪ್ವಿ ಇದು ತಪ್ಪು ಅಂದ. ಬೆಲೆ ಎಲ್ಲರಿಗೂ ಒಂದೇ, ಉಪಯೋಗ ಒಂದೇ ಅಲ್ಲ. ಹಾಗಾದರೆ ಉಪಯೋಗವನ್ನು ಅಳೆಯೋದು ಹೇಗೆ? ಆ ವಸ್ತುವಿನ ಮೇಲೆ ಸ್ವಲ್ಪ ಸ್ವಲ್ಪವೇ ತೆರಿಗೆ ಏರಿಸುತ್ತಾ ಹೋಗ್ತೀವಿ ಅಂತ ಊಹಿಸಿಕೊಳ್ಳಿ. ಯಾವ ಹಂತದಲ್ಲಿ ಒಬ್ಬ "ಇನ್ನು ಬೇಡಪ್ಪ" ಅಂತ ಕೈಬಿಡುತ್ತಾನೋ, ಅವನ ಪಾಲಿಗೆ ಅದರ ಉಪಯೋಗ ಅಷ್ಟು. ಅದರಲ್ಲಿ ನಿಜವಾಗಿ ಕೊಟ್ಟಿದ್ದನ್ನು ಕಳೆದರೆ ಉಳಿಯೋದು ಅವನ ಲಾಭ.

ಇದು ಬರೀ ತರ್ಕ ಅಲ್ಲ. ಸುಂಕದಿಂದ ಬಂದ ಹಣವನ್ನಷ್ಟೇ ಎಣಿಸಿದರೆ, ಊರಿಗೆಲ್ಲ ಬೇಕಾದ ಸೇತುವೆಯೂ ದಂಡದ ಖರ್ಚು ಅಂತ ಕಂಡು ಕಡತದಲ್ಲೇ ಸತ್ತುಹೋಗಬಹುದು. ಯಾಕೆಂದರೆ ದಾಟುವವರ ಲಾಭ ಯಾರ ಜಮಾಖರ್ಚಿನ ಪುಸ್ತಕಕ್ಕೂ ಬರೋದಿಲ್ಲ.

ಈ ಲಾಭಕ್ಕೆ ಇಂಗ್ಲೆಂಡಿನ ಆಲ್‌ಫ್ರೆಡ್ ಮಾರ್ಷಲ್ ಕೊಟ್ಟ ಹೆಸರು ಕನ್ಸ್ಯೂಮರ್ಸ್ ಸರ್‌ಪ್ಲಸ್, ಅಂದರೆ ಕೊಳ್ಳುವವನ ಕೈಯಲ್ಲಿ ಉಳಿಯುವ ಮಿಗುತಾಯ. 1890ರಲ್ಲಿ ಮೊದಲು ಅಚ್ಚಾದ ತನ್ನ ದೊಡ್ಡ ಪುಸ್ತಕದಲ್ಲಿ ಅವನು ಚಹಾದ ಉದಾಹರಣೆ ಕೊಡುತ್ತಾನೆ. ಒಬ್ಬನಿದ್ದಾನೆ. ಪೌಂಡಿಗೆ 20 ಶಿಲ್ಲಿಂಗ್ ಇದ್ದರೆ ವರ್ಷಕ್ಕೆ ಒಂದೇ ಪೌಂಡ್ ಚಹಾ ಕೊಳ್ಳುತ್ತಾನೆ. 14ಕ್ಕೆ ಇಳಿದರೆ ಎರಡು, 10ಕ್ಕೆ ಮೂರು, 6ಕ್ಕೆ ನಾಲ್ಕು, 4ಕ್ಕೆ ಐದು, 3ಕ್ಕೆ ಆರು, 2ಕ್ಕೆ ಏಳು. ಮೊದಲ ಪೌಂಡು ಬೆಳಗಿನ ಚಹಾ ಅಂದುಕೊಳ್ಳಿ, ಅದಿಲ್ಲದೆ ಆಗೋದೇ ಇಲ್ಲ. ಏಳನೆಯದು ಬಂದ ನೆಂಟರಿಗೆ, ಇದ್ದರೆ ಇರಲಿ ಅಂತ. (ಬೆಳಗಿನ ಚಹಾ, ನೆಂಟರು ಎಲ್ಲ ನನ್ನ ಸೇರ್ಪಡೆ :-))

ಈಗ ಮಾರುಕಟ್ಟೆಯಲ್ಲಿ ಬೆಲೆ 2 ಶಿಲ್ಲಿಂಗ್. ಏಳು ಪೌಂಡಿಗೆ 14 ಶಿಲ್ಲಿಂಗ್ ಕೊಟ್ಟ. ಆದರೆ ಅವನಿಗೆ ಅವುಗಳ ಬೆಲೆ 20, 14, 10, 6, 4, 3, 2, ಒಟ್ಟು 59. ಉಳಿದದ್ದು 45! ಅಂಗಡಿಯವನು ಒಂದು ಕಾಸೂ ಕಡಿಮೆ ಮಾಡಿಲ್ಲ. ಬೆಲೆ ನಿಂತಿರೋದು ಕೊನೆಯ ಪೌಂಡಿನ ಮೇಲೆ, ಸುಖ ಇರೋದು ಮೊದಲಿನ ಪೌಂಡುಗಳಲ್ಲಿ. ನನ್ನ ಪ್ರಶ್ನೆಗೆ ಉತ್ತರ ಇದೇ. ಈ ಅಳತೆಗೆ ಒಂದು ಮಿತಿಯೂ ಇದೆ. ಬಡವನ ಒಂದು ಶಿಲ್ಲಿಂಗೂ ಸಾಹುಕಾರನ ಒಂದು ಶಿಲ್ಲಿಂಗೂ ಒಂದೇ ತೂಕದ್ದಲ್ಲ, ಇದನ್ನು ಮಾರ್ಷಲ್ಲೇ ಒಪ್ಪಿಕೊಂಡಿದ್ದ.

ಆದರೆ ಲಾಭ ಆಯ್ತು ಅನ್ನಿಸೋದೆಲ್ಲ ಈ ಲಾಭವೇನಾ? ಅಲ್ಲ ಅಂತ ತೋರಿಸಿದ್ದು ಅಮೆರಿಕದ ರಿಚರ್ಡ್ ಥೇಲರ್, 1985ರಲ್ಲಿ. ಕಡಲತೀರದಲ್ಲಿ ಬಿಸಿಲಿಗೆ ಮಲಗಿದ್ದೀರಿ, ಗೆಳೆಯ ಬಿಯರ್ ತರೋಕೆ ಹೊರಟಿದ್ದಾನೆ, ಹೆಚ್ಚೆಂದರೆ ಎಷ್ಟು ಕೊಡ್ತೀರಿ ಅಂತ ಜನರನ್ನು ಕೇಳಿದ. ದೊಡ್ಡ ಹೋಟೆಲಿನಿಂದ ತರೋದಾದರೆ ನಡುವಿನ ಉತ್ತರ 2.65 ಡಾಲರ್, ಹಳೇ ಕಿರಾಣಿ ಅಂಗಡಿಯಿಂದಾದರೆ 1.50. ಅದೇ ಬಿಯರ್, ಕುಡಿಯೋದು ಅದೇ ಮರಳಿನ ಮೇಲೆ. ಅಂದರೆ ವಸ್ತುವಿನಿಂದ ಸಿಗೋ ಸುಖ ಒಂದು, "ಇಷ್ಟಿರಬೇಕಿತ್ತು" ಅಂತ ಮನಸ್ಸಿನಲ್ಲಿರೋ ಬೆಲೆಗಿಂತ ಕಮ್ಮಿ ಕೊಟ್ಟ ಖುಷಿ ಇನ್ನೊಂದು. 1,999 ಅಂತ ಬರೆದು ಹೊಡೆದುಹಾಕಿ ಕೆಳಗೆ 999 ಅಂತ ಬರೆಯೋರು ಈ ಎರಡನೆಯದನ್ನೇ ಮಾರೋದು. ಆ 999 ಎಲ್ಲ ಕಡೆ ಸಿಗೋ ರೇಟೇ ಆಗಿರಬಹುದು.

ಎರಡನ್ನೂ ಬೇರೆ ಮಾಡೋಕೆ ನಾನೀಗ ಡ್ಯುಪ್ವಿಯ ತೆರಿಗೆಯನ್ನೇ ಬಳಸ್ತೀನಿ. ಹೊಡೆದುಹಾಕಿದ ಅಂಕಿಯನ್ನು ಮರೆತು, ಎಷ್ಟಾದರೆ ಇದನ್ನು ಬಿಟ್ಟು ಬರ್ತಿದ್ದೆ ಅಂತ ಕೇಳಿಕೊಳ್ಳೋದು. ಅಮ್ಮ ಕೇಳದೇನೇ ಇಪ್ಪತ್ತು ಅಂದಿದ್ದಳು. ಕಟ್ಟಿಗೆ ಹತ್ತು ರೂಪಾಯಿ ಲಾಭ, ಪಕ್ಕಾ ಲೆಕ್ಕ. ನನ್ನ ಬೀರುವಿನಲ್ಲಿ ಅರ್ಧ ರೇಟಿಗೆ ತಂದ ಒಂದು ಜಾಕೆಟ್ ಇದೆ, ಇನ್ನೂ ಟ್ಯಾಗ್ ಕಿತ್ತಿಲ್ಲ. ಅದರ ಲೆಕ್ಕ ಅಮ್ಮನಿಗೆ ಹೇಳಿಲ್ಲ.