ರೇಡಿಯೊ ಕರೆಯ ಪದಕ್ರಮ: ಒಂದು ಚಾರಿತ್ರಿಕ ಟಿಪ್ಪಣಿ

ಹವ್ಯಾಸಿ ರೇಡಿಯೊದಲ್ಲಿ ಕರೆಯಿಸಿಕೊಳ್ಳುವವರ ಸಂಕೇತ ಮೊದಲು, ಕರೆಯುವವರದು ಅನಂತರ ಬರುತ್ತದೆ. ಇದು ಮೋರ್ಸ್ ಕಾಲದ ಬಳುವಳಿ. ಅಲ್ಲಿ ಎರಡು ಸಂಕೇತಗಳ ನಡುವೆ ‘ಇಂದ’ ಎಂಬರ್ಥದ ಫ್ರೆಂಚ್ ಪದ ‘ಡಿಇ’ ಎಂಬ ಎರಡಕ್ಷರವಾಗಿ ನಿಲ್ಲುತ್ತಿತ್ತು. ಧ್ವನಿಸಂವಹನದಲ್ಲಿ ಅದರ ಸ್ಥಾನಕ್ಕೆ ‘ದಿಸ್ ಈಸ್’ ಬಂದಿತು.

ಊರ ಹೆಸರುಗಳನ್ನೇ ಸಂಕೇತಗಳೆಂದು ಭಾವಿಸಿದರೆ ಕರೆ ಹೀಗಿರುತ್ತದೆ: ‘ಬಂಗಾರಪೇಟೆ, ದಿಸ್ ಈಸ್ ಕಾಮಸಮುದ್ರ, ಓವರ್.’ ಉತ್ತರದಲ್ಲಿ ಹೆಸರುಗಳು ಅದಲುಬದಲಾಗುತ್ತವೆ: ‘ಕಾಮಸಮುದ್ರ, ದಿಸ್ ಈಸ್ ಬಂಗಾರಪೇಟೆ.’

ಕನ್ನಡದಲ್ಲಿ ವಿಭಕ್ತಿಯೇ ಸಂಬಂಧವನ್ನು ಸೂಚಿಸುವುದರಿಂದ ‘ಕಾಮಸಮುದ್ರದಿಂದ ಬಂಗಾರಪೇಟೆಗೆ’ ಎಂದರೂ ಅರ್ಥ ಕೆಡದು. ಆದರೆ ಕೇಳುಗನು ತನ್ನ ಹೆಸರಿಗೆ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಕರೆದವರ ಹೆಸರು ದಾಟಿಹೋಗಿರುತ್ತದೆ. ಆಗ ಅವನು ‘ಕ್ಯೂಆರ್‌ಜಡ್?’, ಅಂದರೆ ‘ನನ್ನನ್ನು ಕರೆಯುತ್ತಿರುವವರು ಯಾರು?’, ಎಂದು ಕೇಳಬೇಕಾಗುತ್ತದೆ. ವ್ಯಾಕರಣಕ್ಕೆ ಐಚ್ಛಿಕವಾದ ಕ್ರಮವು ಇಲ್ಲಿ ಶ್ರವಣದ ಕಾರಣದಿಂದ ಕಡ್ಡಾಯವಾಗಿದೆ.