ವಿಸ್ತರಣಾ ವಿತ್ತೀಯ ನೀತಿ

‘ವಿತ್ತ’ ಎಂದರೆ ಹಣ. ಪಡೆಯುವುದು ಎಂಬರ್ಥದ ಸಂಸ್ಕೃತದ ‘ವಿದ್’ ಧಾತುವಿನಿಂದ ಬಂದ ಪದ. ಕೇಂದ್ರ ಬ್ಯಾಂಕು ಬಡ್ಡಿ ಇಳಿಸಿ ಹಣದ ಹರಿವು ಹೆಚ್ಚಿಸುವುದೇ ವಿಸ್ತರಣಾ ವಿತ್ತೀಯ ನೀತಿ. 2020ರ ಮಾರ್ಚ್‌–ಮೇ ನಡುವೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ 5.15ರಿಂದ ಶೇ 4ಕ್ಕೆ ಇಳಿಸಿದ್ದು ಇದಕ್ಕೆ ನಿದರ್ಶನ.

ಸಾಲ ಅಗ್ಗವಾದಾಗ ಒಟ್ಟು ಬೇಡಿಕೆಯ ರೇಖೆ ಬಲಕ್ಕೆ ಸರಿಯುತ್ತದೆ. ಅಲ್ಪಾವಧಿಯಲ್ಲಿ ಸಂಬಳಗಳು ಹಳೆಯ ಒಪ್ಪಂದದಂತೆಯೇ ಇರುವುದರಿಂದ, ಬೆಲೆ ಏರಿದಾಗ ಕಾರ್ಖಾನೆಗಳಿಗೆ ಲಾಭ. ಉತ್ಪಾದನೆ, ಉದ್ಯೋಗ ಎರಡೂ ಹೆಚ್ಚುತ್ತವೆ. ಹಿಂಜರಿತದಲ್ಲಿ ಬೇಕಾದದ್ದೂ ಇದೇ.

ಮೊದಲೇ ಪೂರ್ಣ ಉದ್ಯೋಗವಿದ್ದರೆ ಈ ಗಳಿಕೆ ಉಳಿಯದು. ಕಾರ್ಮಿಕರು ಹೊಸ ಬೆಲೆಗೆ ತಕ್ಕ ಸಂಬಳ ಕೇಳುತ್ತಾರೆ. ವೆಚ್ಚ ಏರಿ ಅಲ್ಪಾವಧಿ ಪೂರೈಕೆಯ ರೇಖೆ ಎಡಕ್ಕೆ ಸರಿಯುತ್ತದೆ. ದೀರ್ಘಾವಧಿಯಲ್ಲಿ ಉತ್ಪಾದನೆ ಮೊದಲಿನ ಮಟ್ಟಕ್ಕೇ ಮರಳುತ್ತದೆ. ಹಣ ಶೇ 10 ಹೆಚ್ಚಿದ್ದರೆ, ಒಟ್ಟು ಬೇಡಿಕೆ–ಪೂರೈಕೆ ಮಾದರಿಯ ಪ್ರಕಾರ ಬೆಲೆಮಟ್ಟವೂ ಶೇ 10 ಏರಿರುತ್ತದೆ.