ಕೌದಿಯ ಸಾಲುಗಳು

‘ಕಂತೆಗೆ ತಕ್ಕ ಬೊಂತೆ’ ಎನ್ನುವ ಗಾದೆಯನ್ನು ನಾವೆಲ್ಲ ಬಳಸುತ್ತೇವೆ. ಇವತ್ತು ಕಂತೆ ಎಂದರೆ ಕಾಗದದ ಕಟ್ಟು. ಆದರೆ ಸಂಸ್ಕೃತದ ‘ಕಂಥಾ’ದಿಂದ ಬಂದ ಈ ಪದದ ಹಳೆಯ ಅರ್ಥ ತೇಪೆ ಹಾಕಿ ಹೊಲಿದ ಬಟ್ಟೆ. ಬೊಂತೆಯೂ ಅಂಥದ್ದೇ. ಬಂಗಾಳದ ಕಾಂಥಾ ಇದೇ ಪದದ ಇನ್ನೊಂದು ರೂಪ. ನಮ್ಮ ಆಳಂದದ ಕಡೆ ಅದೇ ಕೆಲಸಕ್ಕೆ ಕೌದಿ ಎನ್ನುತ್ತಾರೆ.

ಬಂಗಾಳದ ಕಾಂಥಾಕ್ಕೆ ಲಿಖಿತ ಇತಿಹಾಸವಿದೆ. ಚೈತನ್ಯರ ಚರಿತ್ರೆಯಲ್ಲಿ ಅದರ ಪ್ರಸ್ತಾಪ ಬರುತ್ತದೆ, ಹೂವು ಆನೆಗಳ ಕಸೂತಿಯಿದ್ದ ಹಳೆಯ ಕಾಂಥಾಗಳನ್ನು ಕೊಲ್ಕತ್ತದ ಗುರುಸದಯ ಸಂಗ್ರಹಾಲಯ ಕಾಪಾಡಿದೆ. ಕೌದಿಗೆ ಆ ಅದೃಷ್ಟ ಕಡಿಮೆ. ಅದನ್ನು ಹರಿಯುವವರೆಗೂ ಹೊದೆಯುತ್ತಾರೆ, ಹರಿದ ಮೇಲೆ ಅದನ್ನೇ ಒಳಗಿಟ್ಟು ಇನ್ನೊಂದು ಹೊಲಿಯುತ್ತಾರೆ. ಹಾಗಾಗಿ ಕೌದಿಯ ಇತಿಹಾಸ ಬೇಕೆಂದರೆ ಅದರ ಹೊಲಿಗೆಯನ್ನೇ ಓದಬೇಕು.

ಸರಸಂಬಾದ ನಮ್ಮ ಮನೆಯಲ್ಲಿ ಅಂಥದ್ದೊಂದು ಕೌದಿ ಇದೆ. ಉದ್ದ ಆರು ಅಡಿ, ಅಗಲ ನಾಲ್ಕು. ಅದರ ಒಂದು ಮೂಲೆ ಸವೆದು ಬಾಯಿ ತೆರೆದಿತ್ತು. ಮೇಲೆ ಹೂವಿನ ಪಾಲಿಸ್ಟರ್ ಸೀರೆ. ಅದರ ಕೆಳಗೆ ಬಣ್ಣ ಮಾಸಿದ ಇಳಕಲ್ ಸೀರೆ, ಅದಕ್ಕೂ ಒಳಗೆ ತೊಳೆದು ತೊಳೆದು ಜಾಲಿಯಂತಾದ ನಾಲ್ಕು ಪದರ ಧೋತರ. ಹೊರಗಿನ ಹೊಲಿಗೆಗೂ ಒಳಗಿನದಕ್ಕೂ ಸಂಬಂಧವಿರಲಿಲ್ಲ. ಇದು ಕೌದಿಯೊಳಗಿನ ಕೌದಿ.

ಒಳಗಿನ ಸಾಲುಗಳ ನಡುವೆ ಅರ್ಧ ಇಂಚು ಅಂತರ, ಇಂಚಿಗೆ ನಾಲ್ಕು ಟಾಕಾ. ಲೆಕ್ಕ ಹಾಕಿದೆ. ಆರಡಿ ಉದ್ದದ ತೊಂಬತ್ತಾರು ಸಾಲು, ಅಂದರೆ 576 ಅಡಿ ಹೊಲಿಗೆ, ಹೆಚ್ಚುಕಡಿಮೆ 27,600 ಟಾಕಾ. ಎಲ್ಲವೂ ಬರೀ ಓಡುಹೊಲಿಗೆ, ಸೂಜಿ ಮೇಲೆ ಕೆಳಗೆ ಹೋಗುತ್ತ ಮುಂದೆ ಸಾಗುವುದು, ಅಷ್ಟೇ.

ಕೌದಿಯ ಮೈಮೇಲೆ ಕಾಣುವ ಅಲೆಗಳನ್ನು ಯಾರೂ ಬೇರೆಯಾಗಿ ಹೊಲಿಯುವುದಿಲ್ಲ. ದಾರವನ್ನು ತುಸು ಎಳೆದಾಗ ಬಟ್ಟೆಗಿಂತ ದಾರ ಕೂದಲೆಳೆಯಷ್ಟು ಗಿಡ್ಡವಾಗುತ್ತದೆ. ಟಾಕಾ ಕೂತ ಜಾಗ ತಗ್ಗಾಗಿ ಪಕ್ಕದ ಬಟ್ಟೆ ಉಬ್ಬುತ್ತದೆ. ಒಂದು ಸಾಲಿನ ಟಾಕಾ ಮುಂದಿನ ಸಾಲಿನ ಟಾಕಾದ ನೇರಕ್ಕೆ ಬಂದರೆ ಉಬ್ಬುಗಳು ಕೂಡಿ ಉದ್ದ ಗೆರೆಗಳಾಗುತ್ತವೆ. ಇಟ್ಟಿಗೆ ಕಟ್ಟಿದಂತೆ ಅರ್ಧಕ್ಕೆ ಸರಿದರೆ ಮೀನಿನ ಹುರುಪೆಯಂತೆ ಕಾಣುತ್ತವೆ. ನಮ್ಮ ಕೌದಿಯ ಒಳಗಿನವು ಹುರುಪೆಯಂಥವು.

ನನಗೆ ಇದನ್ನು ಕಲಿಸಿದ ಆಯಿ ಸೂಜಿಗೆ ನಾಲ್ಕೈದು ಟಾಕಾ ಏರಿಸಿ ಒಮ್ಮೆಲೇ ದಾರ ಎಳೆಯುತ್ತಿದ್ದಳು. ಎಳೆದ ಮೇಲೆ ಹೆಬ್ಬೆರಳಿನಿಂದ ಸಾಲನ್ನು ಸವರುತ್ತಿದ್ದಳು, ಬಿಗಿ ಒಂದೇ ಕಡೆ ನಿಲ್ಲದೆ ಹರಡಲಿ ಎಂದು. ‘ಜಗ್ಗಬ್ಯಾಡವಾ, ಅರಬಿ ಮುದುಡ್ತದ’ ಎನ್ನುತ್ತಿದ್ದಳು. ಆಮೇಲೆ ಕೌದಿ ಮಗುಚಿ ನೋಡುತ್ತಿದ್ದಳು. ಪದರ ದಪ್ಪವಾದಲ್ಲಿ ಸೂಜಿ ಓರೆಯಾಗಿ ಕೆಳಗಿನ ಟಾಕಾ ಸಣ್ಣದಾಗುತ್ತದೆ, ಅದು ಮೇಲಿನಿಂದ ತಿಳಿಯುವುದಿಲ್ಲ. ಹಿಂಬದಿ ನೋಡದೆ ‘ಸಮ ಬಂದದ’ ಎನ್ನುವವರನ್ನು ನಾನೂ ಈಗ ನಂಬುವುದಿಲ್ಲ.

ಇನ್ನೊಂದು ತೊಂದರೆ ನಡುವಿನ ಗುಬುಟು. ಅಂಚಿನಿಂದ ಸುತ್ತು ಹಾಕುತ್ತ ಒಳಗೆ ಬರುವಾಗ ಮೇಲಿನ ಪದರ ಪ್ರತಿ ಸುತ್ತಿಗೂ ಎಳೆಯಷ್ಟು ಮುಂದೆ ಸರಿದು, ಹೆಚ್ಚಾದದ್ದೆಲ್ಲ ಮಧ್ಯಕ್ಕೆ ಸೇರುತ್ತದೆ. ಅದಕ್ಕೇ ಮೊದಲು ನೆಲದ ಮೇಲೆ ಪದರಗಳನ್ನು ಹಾಸಿ, ನಡುವಿನಿಂದ ಹೊರಗೆ ಅಂಗೈಯಿಂದ ತೀಡಿ, ಗೇಣಿಗೊಂದು ಉದ್ದ ಕಚ್ಚಾ ಹೊಲಿಗೆ ಹಾಕಬೇಕು. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರೂ ಕೌದಿಯನ್ನು ಅಂಚಿನಿಂದಲೇ ಶುರುಮಾಡಿ ಒಳಗೆ ಹೊಲಿಯುತ್ತ ಬರುತ್ತಾರೆ. ಅವರ ಕೌದಿಯ ಅಂದ ಬಣ್ಣದ ತುಂಡುಗಳ ಜೋಡಣೆಯಲ್ಲಿದೆ. ನಮ್ಮದರಲ್ಲಿ ತುಂಡು ಕಡಿಮೆ, ಹೊಲಿಗೆಯ ಅಲೆಯೇ ಅಂದ.

ಹಳೆಯ ಹತ್ತಿಯೇ ಯಾಕೆ? ಹತ್ತಾರು ವರ್ಷ ತೊಳೆದ ಧೋತರದಲ್ಲಿ ಗಂಜಿ ಉಳಿದಿರುವುದಿಲ್ಲ, ಕುಗ್ಗುವುದಷ್ಟೂ ಕುಗ್ಗಿರುತ್ತದೆ. ಆರು ಪದರಕ್ಕೂ ಸೂಜಿ ಸಲೀಸಾಗಿ ಇಳಿಯುತ್ತದೆ. ಪದರಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹೊಸ ಬಟ್ಟೆಯನ್ನು ಹಳೆಯದರ ಜೊತೆ ಹೊಲಿದರೆ ಮೊದಲ ಒಗೆತಕ್ಕೇ ಅದೊಂದೇ ಕುಗ್ಗಿ ಕೌದಿಯನ್ನೆಲ್ಲ ಎಳೆಯುತ್ತದೆ.

ಪಾಲಿಸ್ಟರ್‌ನ ಕಥೆ ಬೇರೆ. ಅದು ಜಾರುತ್ತದೆ, ಕುಗ್ಗುವುದೇ ಇಲ್ಲ, ಹತ್ತಿಯ ಹಾಗೆ ಮಡಿಕೆ ನೆನಪಿಡುವುದೂ ಇಲ್ಲ. ನಮ್ಮ ಕೌದಿಯ ಹೊರಗಿನ ಹೊಲಿಗೆ ಮುಕ್ಕಾಲು ಇಂಚಿಗೆ ಅಗಲವಾಗಿದ್ದಕ್ಕೆ ಹೊಲಿದವಳ ಸೋಮಾರಿತನ ಕಾರಣ ಎಂದು ನನಗನ್ನಿಸುವುದಿಲ್ಲ. ಒಳಗೆ ಆಗಲೇ ಆರು ಪದರ ಗಟ್ಟಿಯಾಗಿ ಕೂತಿದ್ದವು, ಮೇಲೆ ನಿಲ್ಲದ ಬಟ್ಟೆ. ಅವಳು ಒಳಗಿನ ಟಾಕಾಗಳನ್ನು ತಪ್ಪಿಸಿ, ಹಳೆಯ ತಗ್ಗುಗಳ ನಡುವೆ ಸೂಜಿ ಇಳಿಸಿದ್ದಾಳೆ. ಆದರೂ ಸಾಲುಗಳ ನಡುವೆ ಸೀರೆ ಗಾಳಿ ತುಂಬಿದಂತೆ ಉಬ್ಬಿದೆ.

ಮನೆಯವರು ಆ ಸೀರೆ ಬಿಚ್ಚಿ ಹೊಸ ಮುಸುಕು ಹಾಕೋಣ ಎಂದರು. ಬಿಚ್ಚಿದರೆ ಮುಕ್ಕಾಲು ಇಂಚಿನ ಆ ಕೈ ಹೋಗುತ್ತದೆ, ಬಿಡದಿದ್ದರೆ ಧೋತರ ಇನ್ನೆರಡು ಒಗೆತ ತಡೆಯುವುದಿಲ್ಲ. ಸದ್ಯ ಮೂಲೆಯೊಂದಕ್ಕೇ ಹಳೆಯ ಹತ್ತಿ ಸೀರೆಯ ತುಂಡಿಟ್ಟು, ಇಂಚಿಗೆ ನಾಲ್ಕರಂತೆ ಹೊಲಿದಿದ್ದೇನೆ.